ಬಾಗಿಲಿಗೆ ಬಂದ ನಮ್ಮ ಮಾತು

ಮುಂಬಯಿಯಲ್ಲಿ ಊರ ಕನ್ನಡ ಕಿವಿಗೆ ಬಿದ್ದರೆ ಸಾಕು, ನಮ್ಮವರ ಬುದ್ಧಿ ರಜೆ ಹಾಕುತ್ತದೆ. ದಾನವ್ವನ ಗಂಡ ಸಾಯಬಣ್ಣನ ಎಡಗಣ್ಣು ಹೋದದ್ದು ಹಾಗೆಯೇ.

“ಅಕ್ಕಾರ, ನಾನೂ ವಿಜಾಪುರದಾಕೀರಿ” ಎನ್ನುತ್ತ ಮನೆಮನೆಗೆ ಔಷಧ ಮಾರುವ ಒಬ್ಬಳು ಚಾಳಿನ ಬಾಗಿಲಲ್ಲಿ ನಿಂತಿದ್ದಳು. ದಾನವ್ವ ಅವಳಿಗೆ ಚಹಾ ಕೊಟ್ಟು, ಗಂಡನ ಕೆಂಗಣ್ಣಿಗೆಂದು ಅವಳಿಂದ ಹನಿಮದ್ದು ಕೊಂಡಳು. ಊರವಳ ಎದುರಿಗೆ ಸೀಸೆ ತಿರುಗಿಸಿ ತಾರೀಖು ನೋಡುವುದೆಂದರೆ ನೆಂಟರ ಚೀಲ ಜಾಲಾಡಿದ ಹಾಗೆ. ನೋಡಲಿಲ್ಲ. ಸೀಲು ಮೊದಲೇ ಒಡೆದಿತ್ತು, ಅವಧಿಯೂ ಮುಗಿದಿತ್ತು. ಕಣ್ಣು ಕೀವಾಯಿತು, ಆಸ್ಪತ್ರೆಗೆ ಓಡುವಷ್ಟರಲ್ಲಿ ಪಾಪೆ ಬೆಳ್ಳಗಾಗಿತ್ತು.

ಸಾಯಬಣ್ಣ ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವಾಗ ಆ ಬಿಳಿ ಕಣ್ಣು ಬೆನ್ನ ಮೇಲೆ ಕೂತಂತಾಗುತ್ತಿತ್ತು. ಬಾಗಿಲು ಸದ್ದಾದರೆ ಆ ಮಾರುವವಳ ದನಿಯೇ ಕೇಳಿದಂತಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ, ಬಾಗಿಲಿಗೆ ಬರುವ ಮೋಸದ ಮಾಲಿನ ಬಗ್ಗೆ ಚಾಳಿನ ಕನ್ನಡ ಹೆಂಗಸರ ಸಭೆ ಕರೆದ ಮಹಿಳಾ ಸ್ವಸಹಾಯ ಗುಂಪಿನ ರಂಜನಾ ಅವಳನ್ನೇ ಮಾತಾಡಲು ಎಬ್ಬಿಸಿದಳು. ಸಭೆ ನಡೆದದ್ದು ಗಣಪತಿ ಮಂಡಳದ ಕೋಣೆಯಲ್ಲಿ, ದಾನವ್ವನ ಮನೆಯಿಂದ ಮೂರು ಬಾಗಿಲು ಆಚೆ.

“ಭಾಷಣಾ ನನಗ ಬರಾಂಗಿಲ್ರಿ. ಮುಚ್ಚಳದ ಬುಡದಾಗಿನ ಉಂಗರಾ ತುಂಡಾಗಿದ್ರ ತಗೋಬ್ಯಾಡ್ರಿ. ತಾರೀಖಿನ ಮ್ಯಾಲ ಚೀಟಿ ಅಂಟಿಸಿದ್ರ ಮುಟ್ಟಬ್ಯಾಡ್ರಿ. ಬಿಲ್ ಕೇಳ್ರಿ. ಔಷಧ ಅಂತೂ ಬಾಗಲಾಗ ತಗೋಳೂದ ಬ್ಯಾಡ, ಮೆಡಿಕಲ್‌ಗೆ ಹೋಗ್ರಿ. ನಮ್ಮವರು ಅಂತ…”

ಅಷ್ಟರಲ್ಲೇ ಹೊರಗಿನಿಂದ ಅದೇ ಊರ ಮಾತು ಬಂತು: “ಅಕ್ಕಾರ, ಒಳಗ ಬರ್ಲೇನ್ರಿ?”

ಹನಿಮದ್ದು ಮಾರಿದವಳೇ ಎಂದುಕೊಂಡಳು ದಾನವ್ವ. ಹೆಂಗಸರಿಗೆ ಭಾಷಣ ಮರೆತೇ ಹೋಯಿತು. “ಅಯ್ಯೋ ಮಾರಾಯ್ತಿ, ಕನ್ನಡದವಳು! ಬಾ, ಬಾ” ಎಂದು ಉಡುಪಿಯ ವಿನೋದಿನಿ, ಮೊಮ್ಮಗುವಿನ ಹೊಟ್ಟೆನೋವಿಗೆಂದು ಅವಳ ಚೀಲದಿಂದ ಗ್ರೈಪ್ ವಾಟರ್ ಎತ್ತಿಕೊಂಡೇ ಬಿಟ್ಟಳು.

ದಾನವ್ವ ಸೀಸೆ ಕಸಿದುಕೊಂಡಳು. ಉಂಗುರ ತುಂಡಾಗಿತ್ತು. ತಾರೀಖಿನ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಹೋದ ವರ್ಷದ ತಾರೀಖು. ವಿನೋದಿನಿ ಬಾಯಿಗೆ ಸೆರಗು ಒತ್ತಿ ಕೂತುಬಿಟ್ಟಳು.

ದಾನವ್ವ ತಲೆಯೆತ್ತಿ ನೋಡಿದಳು. ಅವಳಲ್ಲ. ಇನ್ನೂ ಹುಡುಗಿ, ಚಪ್ಪಲಿ ಸವೆದಿತ್ತು, ಕಣ್ಣಲ್ಲಿ ನೀರಿತ್ತು.

“ನನಗ ಓದಾಕ ಬರಾಂಗಿಲ್ರಿ. ಸೇಠ ಕೊಟ್ಟದ್ದು ಮಾರತೀನ್ರಿ.”

ಆ ಹನಿಮದ್ದಿನವಳೂ ಓದು ಬಾರದವಳೇ ಆಗಿದ್ದರೆ, ಇಷ್ಟು ವರ್ಷ ಯಾರನ್ನು ಶಪಿಸಿದೆ ಎಂದುಕೊಂಡಳು ದಾನವ್ವ. ಆದರೂ ಸೀಸೆ ವಾಪಸು ಕೊಡಲಿಲ್ಲ. ರಂಜನಾ ಹುಡುಗಿಯಿಂದ ಸೇಠನ ಗೋದಾಮಿನ ವಿಳಾಸ ಕೇಳಿಕೊಂಡು, ದೂರು ಕೊಡಲೆಂದು ಸೀಸೆಯನ್ನು ಎತ್ತಿಟ್ಟಳು. ಹುಡುಗಿ ದುಡ್ಡಿಲ್ಲದೆ, ಚೀಲ ಹೊತ್ತು ಮೆಟ್ಟಿಲಿಳಿದು ಹೋದಳು.

ಮನೆಗೆ ಬಂದರೆ ಸಾಯಬಣ್ಣ ಹೊಸ್ತಿಲ ಒಳಗೇ ಕೂತಿದ್ದ. ಉಳಿದ ಒಂದು ಕಣ್ಣು ಹೊಳೆಯುತ್ತಿತ್ತು.

“ಯಾರೋ ನಮ್ಮೂರಾಕಿ ಬಂದಿದ್ಲಲ್ಲ? ಮಾತು ಕೇಳಿ ಜೀವಕ್ಕ ಹಿತಾ ಆತು ನೋಡು. ಕರದು ಒಂದು ಕಪ್ ಚಾ ಕೊಡಬಾರದಾಗಿತ್ತೇನ?”

ದಾನವ್ವ ಬಾಗಿಲು ಮುಂದೆ ಮಾಡಿ, ಅವನಿಗೆ ಬೆನ್ನು ಹಾಕಿ ಚಹಾಕ್ಕಿಟ್ಟಳು.