ಎಂಟು ವ್ಯತ್ಯಾಸಗಳ ಹಾಳೆ

ಅಮೆರಿಕದಲ್ಲಿ ಶಾಸಕಾಂಗವೇ ಇಲ್ಲ ಎಂಬ ಮಹತ್ವದ ತೀರ್ಮಾನವಾದದ್ದು ಪೀಣ್ಯದ ಒಂದು ಖಾಸಗಿ ಹೈಸ್ಕೂಲಿನಲ್ಲಿ, ಝೆರಾಕ್ಸ್ ಯಂತ್ರದ ಪಕ್ಕದಲ್ಲಿ. ಆ ದೇಶದವರಿಗೆ ಈ ವಿಷಯ ಇನ್ನೂ ಮುಟ್ಟಿರಲಾರದು. ನನಗೆ ಮುಟ್ಟಿತು. ಆಗ ಹತ್ತಿದ ಸಿಟ್ಟು ನಿವೃತ್ತಿಯಾಗಿ ಮನೆಯಲ್ಲಿ ಕೂತರೂ ಆರಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಒಂಬತ್ತನೇ ತರಗತಿಯ ಎ ವಿಭಾಗಕ್ಕೆ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೆ. ಬಿ ವಿಭಾಗಕ್ಕೆ ಅದೇ ವಿಷಯವನ್ನು ಸ್ವತಃ ಹೆಡ್ಮಾಸ್ತರರೇ ಮಾಡುತ್ತಿದ್ದರು. ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ತಗಡು ಒತ್ತುವ ಒಂದು ಕಾರ್ಖಾನೆ. ಅದರ ಪ್ರೆಸ್ಸು ಧಡ್ ಎಂದಾಗ ನಾವು ಮಾತು ನಿಲ್ಲಿಸಬೇಕು, ಅದು ಉಸಿರು ತೆಗೆದುಕೊಳ್ಳುವಾಗ ಪ್ರಜಾಪ್ರಭುತ್ವ ಹೇಳಬೇಕು. ಹೀಗೆ ತುಂಡು ತುಂಡಾಗಿ ಕೇಳಿದ ಮಕ್ಕಳಿಗೆ ಪ್ರಜಾಪ್ರಭುತ್ವ ತುಂಡಾಗಿಯೇ ಅರ್ಥವಾಗುವುದರಲ್ಲಿ ಆಶ್ಚರ್ಯವಿರಲಿಲ್ಲ. "ಸಾರ್, ನಮ್ಮಲ್ಲೂ ರಾಷ್ಟ್ರಪತಿ ಇದಾರಲ್ಲ, ಹಂಗಾದ್ರೆ ನಮ್ದೂ ಅಧ್ಯಕ್ಷೀಯ ಪದ್ಧತೀನೇ ಅಲ್ವಾ" ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು. ಆದ್ದರಿಂದ ಸಂಸದೀಯ ಮತ್ತು ಅಧ್ಯಕ್ಷೀಯ ಸರ್ಕಾರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಒಂದು ಹಾಳೆಯನ್ನು ಕೈಯಲ್ಲೇ ಬರೆದೆ.

ಐದು ಸಾಲು ಬರೆದಿದ್ದೆ. ನಮ್ಮಲ್ಲಿ ರಾಷ್ಟ್ರದ ಮುಖ್ಯಸ್ಥರು ರಾಷ್ಟ್ರಪತಿ, ಸರ್ಕಾರದ ಮುಖ್ಯಸ್ಥರು ಪ್ರಧಾನಿ, ಅಧಿಕಾರ ನಡೆಸುವವರು ಪ್ರಧಾನಿ; ಅಮೆರಿಕದಲ್ಲಿ ಎರಡೂ ಕುರ್ಚಿಯಲ್ಲಿ ಅಧ್ಯಕ್ಷರೊಬ್ಬರೇ. ನಮ್ಮ ಮಂತ್ರಿಗಳು ಸಂಸತ್ತಿನ ಸದಸ್ಯರಾಗಿರಬೇಕು, ಇಲ್ಲದಿದ್ದರೆ ಆರು ತಿಂಗಳೊಳಗೆ ಆಗಬೇಕು. ಅಲ್ಲಿ ಅಧ್ಯಕ್ಷರ ಸಂಪುಟದವರು ಶಾಸಕಾಂಗದಲ್ಲಿ ಸದಸ್ಯರಾಗಿ ಕೂರುವಂತಿಲ್ಲ. ನಮ್ಮ ಮಂತ್ರಿಮಂಡಲ ಲೋಕಸಭೆಗೆ ಹೊಣೆ, ಅವಿಶ್ವಾಸ ಗೊತ್ತುವಳಿಯಲ್ಲಿ ಸೋತರೆ ಮನೆಗೆ. ಅಲ್ಲಿ ಅವಿಶ್ವಾಸದಿಂದ ಅಧ್ಯಕ್ಷರನ್ನು ಇಳಿಸಲಾಗದು, ಗುರುತರ ಅಪರಾಧಕ್ಕೆ ಮಹಾಭಿಯೋಗವೊಂದೇ ದಾರಿ. ನಮ್ಮ ಪ್ರಧಾನಿ ಸದನದ ನಂಬಿಕೆ ಇರುವಷ್ಟು ಕಾಲ. ಅಲ್ಲಿಯ ಅಧ್ಯಕ್ಷರಿಗೆ ನಾಲ್ಕು ವರ್ಷದ ಗೊತ್ತಾದ ಅವಧಿ. ನಮ್ಮ ಲೋಕಸಭೆಯನ್ನು ಅವಧಿಗೆ ಮುಂಚೆ ವಿಸರ್ಜಿಸಬಹುದು. ಅವರ ಶಾಸಕಾಂಗವನ್ನು ಅಧ್ಯಕ್ಷರು ವಿಸರ್ಜಿಸುವಂತಿಲ್ಲ. ಕೆಳಗೆ ಒಂದು ಗೆರೆ ಎಳೆದು "ಎರಡರಲ್ಲೂ ಇರುವುದು" ಎಂದು ಬರೆದೆ: ಸಂವಿಧಾನ, ಚುನಾವಣೆ, ಶಾಸಕಾಂಗ, ನ್ಯಾಯಾಲಯ. ನನ್ನ ಪ್ರಕಾರ ಹಾಳೆಯ ಜೀವ ಇದ್ದದ್ದು ಆ ಕೆಳಗಿನ ಸಾಲಿನಲ್ಲಿ.

ಝೆರಾಕ್ಸ್ ಕೋಣೆಯ ಬೀಗದ ಕೈ ಹೆಡ್ಮಾಸ್ತರರ ಸೊಂಟದಲ್ಲಿ ಇರುತ್ತಿತ್ತು. ಹಾಳೆ ಕೊಟ್ಟು ಬಂದೆ. ಮರುದಿನ ನಾನು ತರಗತಿಗೆ ಹೋಗುವಷ್ಟರಲ್ಲಿ ಪ್ರತಿಗಳು ಮಕ್ಕಳ ಕೈಸೇರಿದ್ದವು. ನೋಡಿದರೆ ಐದು ಸಾಲು ಎಂಟಾಗಿದ್ದವು. "ಎರಡರಲ್ಲೂ ಇರುವುದು" ಎಂಬ ಭಾಗ ಸ್ವರ್ಗಸ್ಥವಾಗಿತ್ತು. ಆ ಜಾಗದಲ್ಲಿ ಹೆಡ್ಮಾಸ್ತರರ ದುಂಡು ಅಕ್ಷರದಲ್ಲಿ ಮೂರು ಹೊಸ ಸಾಲು. ಆರು: ಸಂಸದೀಯದಲ್ಲಿ ಶಾಸಕಾಂಗ ಇರುತ್ತದೆ, ಅಧ್ಯಕ್ಷೀಯದಲ್ಲಿ ಇರುವುದಿಲ್ಲ. ಏಳು: ಸಂಸದೀಯದಲ್ಲಿ ಜನ ಮತ ಹಾಕುತ್ತಾರೆ, ಅಧ್ಯಕ್ಷೀಯದಲ್ಲಿ ಹಾಕುವುದಿಲ್ಲ. ಎಂಟು: ಸಂಸದೀಯವೆಂದರೆ ಪ್ರಜಾಪ್ರಭುತ್ವ, ಅಧ್ಯಕ್ಷೀಯವೆಂದರೆ ಸರ್ವಾಧಿಕಾರ.

ಹೆಡ್ಮಾಸ್ತರರ ಕೋಣೆಗೆ ಹೋಗಿ ಕೇಳಿದೆ. ಅವರು ತಾಳ್ಮೆಯಿಂದಲೇ ವಿವರಿಸಿದರು. ಪ್ರಶ್ನೆಪತ್ರಿಕೆಯಲ್ಲಿ ಎಂಟು ಅಂಕಕ್ಕೆ ವ್ಯತ್ಯಾಸ ಕೇಳುವುದು ಶಾಲೆಯ ಪದ್ಧತಿ. ಎಂಟು ಅಂಕಕ್ಕೆ ಎಂಟು ವ್ಯತ್ಯಾಸ ಬೇಕು. ಐದೇ ಕೊಟ್ಟರೆ ಮಕ್ಕಳ ಗತಿ ಏನು. ಸಾಮ್ಯವನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಅದಕ್ಕೆ ಹಾಳೆಯಲ್ಲಿ ಜಾಗ ದಂಡ. ಅಮೆರಿಕದಲ್ಲಿ ಎರಡು ಸದನದ ಶಾಸಕಾಂಗವೇ ಇದೆ, ಜನ ಮತ ಹಾಕಿಯೇ ಅದನ್ನು ಆರಿಸುತ್ತಾರೆ ಎಂದೆ. ಅದಕ್ಕೆ ಅವರು ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ.

"ಇರಬಹುದು ಮೇಷ್ಟ್ರೇ. ಆದ್ರೆ ವ್ಯತ್ಯಾಸ ಅಂದ್ಮೇಲೆ ಎಡಗಡೆ ಇರೋದು ಬಲಗಡೆ ಇರಬಾರ್ದಲ್ವಾ?"

ಎಡಕ್ಕೆ 'ಇದೆ' ಎಂದರೆ ಬಲಕ್ಕೆ 'ಇಲ್ಲ'. ಹಗಲು ರಾತ್ರಿ, ಸಸ್ಯ ಪ್ರಾಣಿ, ಲೋಹ ಅಲೋಹ. ಈ ಮಹಾಸೂತ್ರದ ಮುಂದೆ ಒಂದು ದೇಶದ ಸಂವಿಧಾನ ಯಾವ ಲೆಕ್ಕ. ನಾನು ಸಿಟ್ಟಿನಿಂದಲೇ ತರಗತಿಗೆ ಮರಳಿದೆ. ಬಿಟ್ಟುಹೋದ "ಎರಡರಲ್ಲೂ ಇರುವುದು" ಭಾಗವನ್ನು ಬಾಯಲ್ಲೇ ಹೇಳಿ, ಕೊನೆಯ ಮೂರು ಸಾಲಿನ ಮೇಲೆ ಗೀಟು ಹಾಕಿ ಎಂದೆ. ಅಷ್ಟೂ ಮಕ್ಕಳು ಸ್ಕೇಲಿಟ್ಟು ನೀಟಾಗಿ ಗೀಟು ಹಾಕಿದರು.

ವಾರ್ಷಿಕ ಪರೀಕ್ಷೆಯಲ್ಲಿ ಪ್ರಶ್ನೆ ಬಂತು. ನಮ್ಮಲ್ಲಿ ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿ ತಿದ್ದುವ ರೂಢಿ. ನನ್ನ ವಿಭಾಗದ್ದನ್ನು ಅವರು, ಅವರ ವಿಭಾಗದ್ದನ್ನು ನಾನು. ಪಕ್ಷಪಾತ ಆಗಬಾರದಲ್ಲ. ನನ್ನ ಮಕ್ಕಳಲ್ಲಿ ಬಹುಪಾಲು ಜನ ಎಂಟನ್ನೂ ಬರೆದು ಪೂರ್ಣ ಅಂಕ ಪಡೆದರು. ಆಮೇಲೆ ಒಬ್ಬನನ್ನು ಹಿಡಿದು ಕೇಳಿದಾಗ, "ನೀವ್ ಹೇಳಿದ್ದೇ ಕರೆಕ್ಟು ಸಾರ್, ಆದ್ರೆ ಪೇಪರ್ ನೋಡೋರು ಅವ್ರಲ್ವಾ" ಎಂದ. ಅಧಿಕಾರ ಎಲ್ಲಿದೆ ಎಂಬುದನ್ನು ಅವನು ಪಾಠವಿಲ್ಲದೆಯೇ ಕಲಿತಿದ್ದ.

ಹಾಗೆ ಕಲಿಯದವಳು ಒಬ್ಬ ಹುಡುಗಿ. ಕಲಬುರಗಿ ಕಡೆಯವಳು. ಅಪ್ಪನಿಗೆ ಕಟ್ಟಡದ ಕೆಲಸ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ವರ್ಷದ ನಡುವೆ ಬಂದು ಸೇರಿದವಳಾದ್ದರಿಂದ ಗಣಿತ, ಇಂಗ್ಲಿಷು ಎರಡೂ ಅವಳಿಗೆ ಕಷ್ಟ. ಸಮಾಜ ವಿಜ್ಞಾನವೇ ಅವಳನ್ನು ದಡ ಸೇರಿಸಬೇಕಿತ್ತು. ಅವಳು ಐದು ವ್ಯತ್ಯಾಸ ಬರೆದು, ಕೆಳಗೆ ನಾನು ಮೊದಲು ಬರೆದಿದ್ದಂತೆಯೇ "ಎರಡರಲ್ಲೂ ಇರುವುದು" ಎಂದು ನಾಲ್ಕು ಸಂಗತಿ ಬರೆದಿದ್ದಳು. ಹೆಡ್ಮಾಸ್ತರರು ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು, ಕೇಳಿದ್ದಕ್ಕೆ ಮಾತ್ರ ಉತ್ತರಿಸು ಎಂದು ಬರೆದು, ಮೂರು ಅಂಕ ಕಳೆದಿದ್ದರು.

ಮೂರು ಅಂಕ ದೊಡ್ಡದಲ್ಲ ಎನ್ನುವವರಿಗೆ ನಮ್ಮ ಶಾಲೆಯ ಇನ್ನೊಂದು ರೂಢಿ ಗೊತ್ತಿರಬೇಕು. ಗೇಟಿನ ಮೇಲೆ 'ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ' ಎಂಬ ಬೋರ್ಡಿತ್ತು. ಆ ಬೋರ್ಡಿನ ಮರ್ಯಾದೆ ಕಾಯಲು ಹೆಡ್ಮಾಸ್ತರರು ಪ್ರತಿ ಏಪ್ರಿಲ್‌ನಲ್ಲಿ ಒಟ್ಟು ಅಂಕಗಳಿಗೆ ತಮ್ಮದೇ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಕೆಳಗಿನವರನ್ನು ಮತ್ತೆ ಒಂಬತ್ತರಲ್ಲೇ ಕೂರಿಸುವುದು. ಅದೂ ಪೋಷಕರೇ ಕೋರಿಕೊಂಡಂತೆ ಒಂದು ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡು. ಫೇಲಾಗುವವರನ್ನು ಪರೀಕ್ಷೆಯ ಹತ್ತಿರಕ್ಕೇ ಬಿಡದಿದ್ದರೆ ನೂರಕ್ಕೆ ನೂರು ಬರದೆ ಏನು ಮಾಡುತ್ತದೆ. ಈ ಹುಡುಗಿ ಗೆರೆಗೆ ಎರಡು ಅಂಕ ಕೆಳಗಿದ್ದಳು.

ತಾಯಿಯನ್ನು ಕರೆಸಿದ ದಿನ ನಾನು ಕರೆಯದೆಯೇ ಹೋಗಿ ಆ ಕೋಣೆಯಲ್ಲಿ ಕೂತೆ. ಆಕೆ ಅರ್ಧ ಪಾಳಿ ಬಿಟ್ಟು ಬಂದಿದ್ದಳು. ಕೂರಿ ಎಂದರೂ ಕೂರಲಿಲ್ಲ. ಮಗಳು ಅವಳ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಹೆಡ್ಮಾಸ್ತರರು ಮುಚ್ಚಳಿಕೆಯನ್ನು ಮುಂದೆ ತಳ್ಳಿ, ಇನ್ನೊಂದು ವರ್ಷ ಒಂಬತ್ತರಲ್ಲಿ ಕೂತರೆ ಹುಡುಗಿ ಗಟ್ಟಿಯಾಗುತ್ತಾಳೆ ಎಂದು ಹಿತವಚನ ಹೇಳಿದರು.

"ಒಂದ್ ವರ್ಷ ಅಂದ್ರ ನಮಗ ಸಣ್ಣ ಮಾತಲ್ರೀ ಸರ" ಎಂದಳು ತಾಯಿ. "ಇವರಪ್ಪನ ಕೆಲಸ ಎಲ್ಲಿ ಬಿಲ್ಡಿಂಗ್ ಏಳತೈತಿ ಅಲ್ಲಿ. ಆಕಿ ಹತ್ತನೇತ್ತ ಮುಗಿಸೋತನ ಪೀಣ್ಯಾ ಬಿಡೂದಿಲ್ಲ ಅಂತ ಜಗಳಾ ಮಾಡಿ ಒಪ್ಪಿಸೀನಿ. ಒಂದ್ ವರ್ಷ ಅಂತ ಒಪ್ಯಾನ್ರಿ, ಎರಡ ಅಂದ್ರ ಒಪ್ಪಾಂವಲ್ಲ. ಸಾಲಿ ಅಲ್ಲಿಗೇ ಮುಗೀತು."

ನಾನು ಉತ್ತರಪತ್ರಿಕೆ ತೆಗೆದು ಮೇಜಿನ ಮೇಲಿಟ್ಟೆ. ಜೊತೆಗೆ ಪಠ್ಯಪುಸ್ತಕ. ಅಮೆರಿಕದ ಶಾಸಕಾಂಗದ ಬಗ್ಗೆ ಇದ್ದ ಸಾಲಿನ ಮೇಲೆ ಬೆರಳಿಟ್ಟು, ಇವಳು ಬರೆದಿರುವುದರಲ್ಲಿ ಒಂದೂ ತಪ್ಪಿಲ್ಲ, ತಪ್ಪಿರುವುದು ನಾವು ಹಂಚಿದ ಹಾಳೆಯಲ್ಲಿ ಎಂದೆ. ಇಂಥ ಘನ ಸಂದರ್ಭದಲ್ಲಿ ಅಧಿಕಾರದಲ್ಲಿರುವವರು ಪುಸ್ತಕ ನೋಡುತ್ತಾರೆ ಎಂಬ ಮೂಢನಂಬಿಕೆ ನನಗೆ ಆಗ ಇತ್ತು. ಅವರು ಪುಸ್ತಕವನ್ನು ಮಡಿಸಿ ನನಗೇ ವಾಪಸ್ಸು ಕೊಟ್ಟರು.

"ಪುಸ್ತಕದಲ್ಲಿ ಇರ್ಲಿ ಮೇಷ್ಟ್ರೇ. ನಮ್ಮ ಹಾಳೇಲಿ ಇಲ್ಲ. ಇವಳೊಬ್ಬಳಿಗೆ ಕೊಟ್ರೆ, ಎಂಟೂ ಬರೆದೋರೆಲ್ಲ ತಪ್ಪು ಬರೆದಂಗಾಗಲ್ವಾ?"

ಆಗುತ್ತದೆ ಎಂದೆ. ಆಗಬೇಕು ಎಂದೆ. ಧ್ವನಿ ಏರಿತ್ತು, ಪಕ್ಕದ ಪ್ರೆಸ್ಸನ್ನೂ ಮೀರಿಸಿ. ಪ್ರಧಾನಿಯನ್ನು ಲೋಕಸಭೆ ಇಳಿಸಬಹುದು, ಅಧ್ಯಕ್ಷರ ಮೇಲೆ ಮಹಾಭಿಯೋಗ ಹೂಡಬಹುದು. ಹೆಡ್ಮಾಸ್ತರರನ್ನು ಪ್ರಶ್ನಿಸುವ ಸದನ ಯಾವುದು ಎಂದು ನನ್ನ ಹಾಳೆಯ ಯಾವ ಸಾಲಿನಲ್ಲೂ ಇರಲಿಲ್ಲ. ಅವರೇನೂ ಕೆರಳಲಿಲ್ಲ. ಉದಾರವಾಗಿ ನಕ್ಕು ಹುಡುಗಿಯ ಕಡೆ ತಿರುಗಿದರು.

"ಬಾಮ್ಮ ಮುಂದೆ. ಮೌಖಿಕ ಪರೀಕ್ಷೆ ಅಂತ ಇಟ್ಕೊಳೋಣ. ಕೊನೇ ಮೂರು ವ್ಯತ್ಯಾಸ ಬಾಯಲ್ಲಿ ಹೇಳು, ಮೂರು ಅಂಕ ಹಾಕ್ತೀನಿ. ಪಾಸು."

ಹುಡುಗಿ ನನ್ನ ಮುಖ ನೋಡಿದಳು. ತಾಯಿಯೂ ನೋಡಿದಳು. ಅವಳಿಗೆ ವಿಷಯ ತಿಳಿಯದು, ಆದರೆ ಮಗಳ ಒಂದು ವರ್ಷ ನನ್ನ ಮುಖದಲ್ಲಿ ನೇತಾಡುತ್ತಿದೆ ಎಂಬುದು ತಿಳಿದಿತ್ತು. ಸತ್ಯದ ಪರವಾಗಿ ಒಂದು ಭಾಷಣ ನನ್ನ ಗಂಟಲಲ್ಲಿ ಸಿದ್ಧವಾಗಿತ್ತು. ಅದು ನನ್ನ ಸಂಬಳಕ್ಕೆ ಕುತ್ತಾಗುತ್ತಿರಲಿಲ್ಲ, ಅವಳ ಶಾಲೆಗೆ ಕುತ್ತಾಗುತ್ತಿತ್ತು. ಇಂಥ ಅಗ್ಗದ ಧೈರ್ಯ ತೋರಿಸಲು ಮನಸ್ಸು ಬರಲಿಲ್ಲ.

"ಹೇಳಿಬಿಡಮ್ಮ" ಎಂದೆ.

ಅವಳು ಬೆಳಗಿನ ಪ್ರಾರ್ಥನೆ ಹೇಳುವ ದನಿಯಲ್ಲಿ ಹೇಳಿದಳು. ಅಧ್ಯಕ್ಷೀಯ ಪದ್ಧತಿಯಲ್ಲಿ ಶಾಸಕಾಂಗ ಇರುವುದಿಲ್ಲ. ಜನ ಮತ ಹಾಕುವುದಿಲ್ಲ. ಅದು ಸರ್ವಾಧಿಕಾರ. ಒಂದಕ್ಷರವೂ ತಪ್ಪಲಿಲ್ಲ. ಗೀಟು ಹಾಕಿದ ಸಾಲುಗಳನ್ನೂ ಅವಳು ಓದಿಕೊಂಡಿದ್ದಳು. ಹೆಡ್ಮಾಸ್ತರರು "ವೆರಿ ಗುಡ್" ಎಂದು ಅದೇ ಕೆಂಪು ಪೆನ್ನಿನಲ್ಲಿ ಅಂಕ ತಿದ್ದಿ, ಮುಚ್ಚಳಿಕೆ ಹರಿದು ಬುಟ್ಟಿಗೆ ಹಾಕಿದರು. ಮಾಸ್ತರರಲ್ಲಿ ದಯೆ ಇರಬೇಕು ಮೇಷ್ಟ್ರೇ ಎಂದು ನನಗೊಂದು ಉಪದೇಶವನ್ನೂ ಕೊಟ್ಟರು. ತಾಯಿ ಅವರಿಗೆ ಬಾಗಿ ಕೈಮುಗಿದಳು. ಅವತ್ತು ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಆ ನಮಸ್ಕಾರಕ್ಕೆ; ಅವಳ ಮೇಲಲ್ಲ, ಅವಳಿಂದ ಅದನ್ನು ತೆಗೆದುಕೊಂಡವರ ಮೇಲೆ. ಅವಳದ್ದನ್ನೇ ಕಿತ್ತುಕೊಂಡು, ಅರ್ಧ ದಿನ ನಿಲ್ಲಿಸಿ, ಅವಳಿಗೇ ದಾನ ಮಾಡಿದ್ದರು.

ಗೇಟಿನವರೆಗೆ ಅವರ ಜೊತೆ ನಡೆದೆ. ಅಲ್ಲಿ ಹುಡುಗಿ ನಿಂತು ಹೇಳಿದಳು.

"ಸರ, ಹೇಳಿದ್ದ ಅವರಿಗ್ರಿ. ಬರದದ್ದ ಹಂಗೇ ಐತಿ."

ನಿಜ. ಉತ್ತರಪತ್ರಿಕೆಯಲ್ಲಿ ಅವಳ ನಾಲ್ಕು ಸಂಗತಿಗಳ ಸುತ್ತ ಅವರು ವೃತ್ತ ಎಳೆದಿದ್ದರು, ಅಳಿಸಿರಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ಆ ಹಾಳೆ ಹೊಸ ಒಂಬತ್ತನೇ ತರಗತಿಗೆ ಹಾಗೇ ಎಂಟು ಸಾಲಿನೊಂದಿಗೆ ಹೋಯಿತು. ತಡೆಯಲು ಹೋದೆ, ತಡೆಯಲಾಗಲಿಲ್ಲ. ಹತ್ತನೆಯವರಿಗೆ ಮೊದಲ ಪೀರಿಯಡ್ಡು ನನ್ನದೇ ಇತ್ತು. ಆ ಹುಡುಗಿ ಎರಡನೇ ಬೆಂಚಿನಲ್ಲಿದ್ದಳು. ಹಾಜರಿಯನ್ನೂ ಕರೆಯದೆ ಕರಿಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ "ಎರಡರಲ್ಲೂ ಇರುವುದು" ಎಂದು ಬರೆದೆ, ಸೀಮೆಸುಣ್ಣ ಮುರಿಯುವಷ್ಟು ಒತ್ತಿ. ಕೆಳಗೆ ನಾಲ್ಕೂ ಸಂಗತಿ. ಇದು ಪರೀಕ್ಷೆಗೆ ಬರುವುದಿಲ್ಲ, ಬರೆದುಕೊಳ್ಳಿ ಎಂದೆ. ಕರಿಹಲಗೆಗೆ ಬೀಗ ಇರಲಿಲ್ಲ.

ಪ್ರೆಸ್ಸು ಧಡ್ ಎಂದಿತು. ಅದು ಉಸಿರು ತೆಗೆದುಕೊಳ್ಳುವವರೆಗೆ ಕಾದು, ಶಾಸಕಾಂಗ ಎಂಬ ಪದವನ್ನು ಗಟ್ಟಿಯಾಗಿ ಓದಿದೆ.