ಮಹಾನಂದಾಳ ಹೊಲಿಗೆ ತರಗತಿ

ಪೀಣ್ಯದ ಉಡುಪು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದ ಮಹಾನಂದಾ, ಅದು ಮುಚ್ಚಿದ ಬಳಿಕ ಲಗ್ಗೆರೆಯಲ್ಲಿ ನಮ್ಮ ಮನೆಯ ಎದುರಿನ ಕೋಣೆಯೊಂದರಲ್ಲಿ ಹೊಲಿಗೆ ತರಗತಿ ತೆರೆಯಲು ನಿಶ್ಚಯಿಸಿದಳು. ಕೋಣೆಯ ಮಾಲೀಕ ಚಿಕ್ಕಬೈರಪ್ಪನವರ ಷರತ್ತು ಒಂದೇ: 2025ರ ಜೂನ್ 15ರ ಸಂಜೆಯೊಳಗೆ ಹತ್ತು ಮಂದಿ ಸೇರಬೇಕು, ಇಲ್ಲವಾದರೆ ಕೋಣೆ ಮೊಬೈಲ್ ಅಂಗಡಿಗೆ. ಮೊದಲ ಹತ್ತು ಹೆಂಗಸರಿಗೆ ಒಂದು ತಿಂಗಳು ಉಚಿತವಾಗಿ ಕಲಿಸುವುದಾಗಿ ಅವಳು ತೀರ್ಮಾನಿಸಿದಳು.

ಜೂನ್ 1ರ ಭಾನುವಾರ ಇನ್‌ಸ್ಟಾಗ್ರಾಮ್‌ಗೆ ಹಾಕುವ ಬರಹವನ್ನು ತಿದ್ದಿಕೊಟ್ಟವನು ನಾನೇ. ಮೊದಲು ಹಿರಿಯರ ಸ್ಮರಣೆ, ಅನಂತರ ವಿಷಯ. ಶಾಲೆಯಲ್ಲಿ ಮೂವತ್ತೊಂದು ವರ್ಷ ನಾನು ಕಲಿಸಿದ ಕ್ರಮವದು. ಹೊಲಿಗೆ ಯಂತ್ರದ ಮುಂದೆ ಕುಳಿತ ಅವಳ ತಾಯಿಯ ಭಾವಚಿತ್ರ. ಕೆಳಗೆ, ‘2019ರ ಮಾರ್ಚ್ 8ರಂದು ನಮ್ಮನ್ನಗಲಿದ ಪೂಜ್ಯ ಮಾತೋಶ್ರೀ ಹನುಮವ್ವನವರ ಪಾದಗಳಿಗೆ ನಮಿಸಿ’ ಎಂಬ ಆರಂಭ. ಉಚಿತ ಎಂಬ ಮಾತು ಬಂದದ್ದು ಹದಿಮೂರನೆಯ ಸಾಲಿನಲ್ಲಿ.

ಮೂರು ದಿನಗಳಲ್ಲಿ ನಲವತ್ತಾರು ಪ್ರತಿಕ್ರಿಯೆಗಳು ಬಂದವು. ‘ಓಂ ಶಾಂತಿ’ ಎಂದು ಬಹುತೇಕರು ಬರೆದಿದ್ದರು.

“ಎಷ್ಟ ಮಂದಿ ನಮ್ಮವ್ವಗ ಕೈ ಮುಗದಾರ ನೋಡ್ರಿ ಸರ್,” ಎಂದು ಅವಳು ಫೋನನ್ನು ನನ್ನ ಮುಂದೆ ಹಿಡಿದಳು. “ಇವ್ರೊಳಗ ಹತ್ತ ಮಂದಿ ಬರೂದಿಲ್ಲೇನು?”

ಬಂದವರು ಇಬ್ಬರು.

ಜೂನ್ 14ರಂದು ಅವಳೊಡನೆ ಕಾರ್ಖಾನೆಯಲ್ಲಿದ್ದ ರಾಣಿ ಬಂದು ಫೋನ್ ನೋಡಿದಳು. “ಅಕ್ಕ, ಮೊದಲೆರಡು ಸಾಲಷ್ಟೇ ಕಾಣ್ಸೋದು. ಮಿಕ್ಕಿದ್ದು ‘ಮೋರ್’ ಒತ್ತಿದ್ರೇನೆ. ನಾನೇ ನಿಮ್ಮಮ್ಮನ ತಿಥಿ ಅನ್ಕೊಂಡು ಓಂ ಶಾಂತಿ ಹಾಕಿ ಮುಂದಕ್ಕೆ ಹೋದೆ ಕಣಕ್ಕ. ಇದನ್ನ ಯಾರು ಬರ್ದಿದ್ದು?”

ನಾನು ಅಲ್ಲಿಯೇ ಕುಳಿತಿದ್ದೆ. “ಅದ ಇರ್ಲಿ, ನೀನ ಬ್ಯಾರೆ ಬರದು ಕೊಡು,” ಎಂದಳು ಮಹಾನಂದಾ.

ಹೊಸ ಬರಹವನ್ನು ರಾಣಿಯೇ ಸಿದ್ಧಪಡಿಸಿದಳು: ‘ಲಗ್ಗೆರೆಯಲ್ಲಿ ಹೊಲಿಗೆ ಕ್ಲಾಸ್. ಮೊದಲ 10 ಮಹಿಳೆಯರಿಗೆ 1 ತಿಂಗಳು ಉಚಿತ. ನಾಳೆ ಸಂಜೆಯೊಳಗೆ ಹೆಸರು ಕೊಡಿ.’ ಅದರ ಕೆಳಗೆ ವಿಳಾಸ, ವೇಳೆ; ಕಟ್ಟಕಡೆಗೆ ಹನುಮವ್ವನ ಹೆಸರು.

“ಅವ್ವನ್ನ ತಳಕ್ಕ ಹಾಕಿದಂಗಾತಲ್ಲ,” ಎಂದಳು ಮಹಾನಂದಾ. ಆದರೂ ಹಂಚಲು ತಾನೇ ಒತ್ತಿದಳು.

ಮರುದಿನ ಸಂಜೆ ಆರರ ಹೊತ್ತಿಗೆ ಇನ್ನೂ ಐವರು ಹೆಸರು ಕೊಟ್ಟರು. ಒಟ್ಟು ಏಳು.

“ಇನ್ನೆರಡು ದಿನ ಕೊಡಿ ಚಿಕ್ಕಬೈರಪ್ಪನವರೇ,” ಎಂದು ನಾನು ಕೇಳಿದೆ.

“ಮೇಷ್ಟ್ರೇ, ತಾರೀಕು ಅಂದ್ರೆ ತಾರೀಕು ಅಂತ ಯಾವಾಗ್ಲೂ ನೀವೇ ಹೇಳ್ತೀರಲ್ಲ,” ಎಂದು ಅವರು ಕೋಣೆಯ ಬೀಗದ ಕೈ ಹಿಂದಕ್ಕೆ ಪಡೆದರು.

ಜೂನ್ 17ರ ಮಂಗಳವಾರ ಬೆಳಿಗ್ಗೆ ಮೂವರು ಹೆಂಗಸರು ಟೇಪು, ಕತ್ತರಿ ಹಿಡಿದುಕೊಂಡೇ ಬಂದರು. ಮಹಾನಂದಾ ಅವರನ್ನು ನಮ್ಮ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟು, “ಕ್ಲಾಸ್ ಇಲ್ರವ್ವಾ. ತಡಾ ಆತು,” ಎಂದಳು.

“ನಿನ್ನೆ ನೋಡಿದ್ವಿ ಅಕ್ಕ. ಮೊದಲೇ ಹಾಕಿದ್ರೆ ಅವತ್ತೇ ಬರ್ತಿದ್ವಿ,” ಎಂದಳು ಅವರಲ್ಲೊಬ್ಬಳು.

ಮಹಾನಂದಾ ನನ್ನ ಕಡೆ ನೋಡಲಿಲ್ಲ. “ಹಾಕಿದ್ದೆ,” ಎಂದಷ್ಟೇ ಹೇಳಿ ಖಾಲಿ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು.