ಗ್ರೇಡ್ ಒಂದು, ಸ್ಟೇಜ್ ನಾಲ್ಕು

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನಾನು ಪೆಥಾಲಜಿಸ್ಟ್. ರೋಗಿಯ ಮೈಯಿಂದ ತೆಗೆದ ಚೂರಿಗೆ ಬಣ್ಣ ಹಾಕಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಏನು ರೋಗವೆಂದು ಬರೆಯುವುದು ನನ್ನ ಕೆಲಸ. ರೋಗಿಗಳು ನನ್ನ ತನಕ ಬರುವುದಿಲ್ಲ. ನನಗೂ ಅದೇ ಬೇಕಿತ್ತು. ಜನರೊಂದಿಗೆ ನಯವಾಗಿ ಮಾತಾಡುವ ಗುಣ ನನಗೆ ಮೊದಲಿನಿಂದಲೂ ಇಲ್ಲ.

ಆ ಮಧ್ಯಾಹ್ನ ಬಾಗಿಲು ತಟ್ಟದೆ ಒಳಗೆ ಬಂದವನು ಮಾನ್ವಿಯ ಭತ್ತದ ವ್ಯಾಪಾರಿ. ಹಿಂದೆ ಅವನ ತಂಗಿ, ರಾಯಚೂರಿನಲ್ಲೇ ಶಾಲೆಯ ಶಿಕ್ಷಕಿ. ಅವಳ ತೋಳು ಹಿಡಿದು ಅವರ ತಾಯಿ. ದೇವದುರ್ಗದಲ್ಲಿ ಒಬ್ಬಳೇ ಗಟ್ಟಿಯಾಗಿ ಹೊಲ ಮಾಡಿಸುತ್ತಿದ್ದ ಹೆಂಗಸಂತೆ. ಬಾಯಿ ಎರಡು ಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. ಎಡಗೆನ್ನೆ ಬಾತು ದವಡೆಯ ಅಂಚು ಮುಚ್ಚಿಹೋಗಿತ್ತು. ಎಷ್ಟೋ ವರ್ಷ ಎಲೆ, ಸುಣ್ಣ, ತಂಬಾಕು ಇಟ್ಟುಕೊಂಡ ಜಾಗ ಅದು.

ಮಗ ನನ್ನದೇ ಹಳೆಯ ವರದಿಯನ್ನು ಮೇಜಿನ ಮೇಲೆ ಇಟ್ಟ.

"ನೀವು ಒಂದು ಅಂತ ಬರದೀರಿ. ಮ್ಯಾಲಿನ ಸರ್ಜನ್ನರು ನಾಕು ಅಂತಾರ. ನಿಮ್ಮಿಬ್ಬರಾಗ ಸುಳ್ಳು ಹೇಳಾಕತ್ತವರು ಯಾರ್ರಿ?"

ವರದಿ ಓದಿದೆ. ಕೆನ್ನೆಯ ಒಳಪದರದ ಕ್ಯಾನ್ಸರ್, ಗ್ರೇಡ್ ಒಂದು. ಬರೆದದ್ದು ಸರಿಯಾಗಿತ್ತು. ಇಬ್ಬರೂ ಸುಳ್ಳು ಹೇಳಿಲ್ಲ ಎಂದೆ. ಅವನು ನಂಬಲಿಲ್ಲ.

ಆಗಿದ್ದೇನೆಂದು ತಂಗಿ ಹೇಳಿದಳು. ಕೆನ್ನೆಯ ಹುಣ್ಣಿನಿಂದ ಚೂರು ತೆಗೆದಾಗ ಸ್ಕ್ಯಾನ್ ಮಾಡಿಸಿರೆಂದು ಸರ್ಜನ್ ಹೇಳಿದ್ದರು. ವರದಿ ಕೈಗೆ ಬಂದ ದಿನ ಅಣ್ಣ ಅದನ್ನು ಮಾನ್ವಿಯಲ್ಲಿ ಔಷಧದಂಗಡಿಯ ಗೆಳೆಯನಿಗೆ ತೋರಿಸಿದ್ದ. ಗೆಳೆಯ ಒಂದು ಎಂಬ ಅಂಕಿ ನೋಡಿ, ಇನ್ನೂ ಮೊದಲ ಹಂತ, ಕತ್ತರಿ ಹಾಕಿಸಬೇಡ ಎಂದಿದ್ದ. ಮನೆಯವರೆಲ್ಲ ಹಗುರಾದರು. ಸ್ಕ್ಯಾನ್ ಬೇಡವೆಂದಾಯಿತು. ತಾಯಿಗೆ ಬೇರು ಅರೆದ ಪುಡಿ ಶುರುವಾಯಿತು. ಈಗ ಬಾಯಿ ತೆರೆಯಲಾಗದೆ ಅವಳು ಗಂಜಿಗೆ ಬಂದ ಮೇಲೆ, ತಂಗಿಯೇ ದೇವದುರ್ಗಕ್ಕೆ ಹೋಗಿ ಕರೆತಂದು ಸ್ಕ್ಯಾನ್ ಮಾಡಿಸಿದ್ದಳು.

"ಅವಾಗ ಒಂದಿತ್ತು, ಈಗ ನಾಕು ಆಗೇದ, ಹಂಗೇನ್ರಿ?" ಎಂದು ಅವನು ಕೇಳಿದ. ದನಿ ಮೆತ್ತಗಾಗಿತ್ತು, ಕಣ್ಣು ಆಗಿರಲಿಲ್ಲ.

ಹಾಗಲ್ಲ ಎಂದೆ. ಒಂದು ಬೆಳೆದು ನಾಲ್ಕಾಗಿಲ್ಲ. ಅವೆರಡೂ ಒಂದೇ ಅಳತೆಯಲ್ಲ. ನಾನು ಬರೆದದ್ದು ಜೀವಕೋಶದ ರೂಪ. ನಮ್ಮ ಸಹಜ ಕೋಶದಂತೆ ಇನ್ನೂ ಎಷ್ಟು ಕಾಣುತ್ತದೆ, ಎಷ್ಟು ಕೆಟ್ಟು ಗುರುತು ಸಿಗದಂತಾಗಿದೆ ಎಂಬುದು ಗ್ರೇಡ್. ಒಂದು ಎಂದರೆ ಇನ್ನೂ ಸಾಕಷ್ಟು ಹೋಲುತ್ತದೆ. ಸಾಮಾನ್ಯವಾಗಿ ಬೆಳವಣಿಗೆ ನಿಧಾನ. ಆದರೆ ರೋಗ ಎಲ್ಲಿಯವರೆಗೆ ಹೋಗಿದೆ ಎಂದು ಹುಣ್ಣಿನ ಆ ಚೂರು ಹೇಳಲಾರದು. ಅದನ್ನು ಹೇಳುವುದು ಸ್ಟೇಜ್, ಅಂದರೆ ಹಂತ.

ಸ್ಲೈಡ್ ತರಿಸಿ ಮೈಕ್ರೋಸ್ಕೋಪಿಗೆ ಇಟ್ಟೆ. ತಂಗಿ ಕಣ್ಣಿಟ್ಟು ನೋಡಿದಳು. ಗುಲಾಬಿ ಬಣ್ಣದ ದುಂಡನೆ ಸುರುಳಿಗಳು ಕಾಣುತ್ತವೆ ಎಂದಳು. ಅವನ್ನು ಕೆರಟಿನ್ ಮುತ್ತು ಅನ್ನುತ್ತೇವೆ, ಈ ಕೋಶಗಳು ತಮ್ಮ ಹಳೆಯ ಕೆಲಸವನ್ನು ಇನ್ನೂ ಮಾಡುತ್ತಿವೆ ಎಂಬುದಕ್ಕೆ ಗುರುತು ಎಂದೆ. ಅಣ್ಣ ನೋಡಲು ಒಪ್ಪಲಿಲ್ಲ. ಗೊತ್ತಾಗಲೆಂದು ನಾನು, ಹೊಲದಲ್ಲಿ ಕಳೆ ಯಾವ ಜಾತಿ ಅನ್ನುವುದು ಬೇರೆ, ಎಷ್ಟು ದೂರ ಹಬ್ಬಿದೆ ಅನ್ನುವುದು ಬೇರೆ ಎಂದೆ.

"ನನಗ ಹೊಲದ ಪಾಠ ಹೇಳಬ್ಯಾಡ್ರಿ" ಎಂದ.

ಅಷ್ಟರಲ್ಲಿ ಸರ್ಜನ್ ಕೆಳಗೆ ಇಳಿದು ಬಂದರು. ನಮ್ಮಿಬ್ಬರಿಗೂ ಮೊದಲೇ ಅಷ್ಟಕ್ಕಷ್ಟೆ. ಇದು ಸ್ಟೇಜ್ ಅಲ್ಲ ಎಂದು ವರದಿಯಲ್ಲಿ ಒಂದು ಸಾಲು ಯಾಕೆ ಬರೆಯಲಿಲ್ಲ ಎಂದು ರೋಗಿಯ ಮನೆಯವರ ಎದುರಿಗೇ ನನ್ನನ್ನು ಕೇಳಿದರು. ವರದಿ ಓದಿ ಹೇಳಬೇಕಾದವರು ನೀವು, ಔಷಧದಂಗಡಿಯವನಲ್ಲ ಎಂದೆ. ಓದಿ ಹೇಳಲು ಇವರು ತಿರುಗಿ ಬಂದಿದ್ದರೆ ತಾನೆ ಎಂದು ಸರ್ಜನ್ ಮಗನ ಕಡೆ ನೋಡಿದರು. ಯಾರೂ ಕುಳಿತಿರಲಿಲ್ಲ, ತಾಯಿಯ ಹೊರತು.

ಸರ್ಜನ್ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದರು. ಮೂರು ಅಕ್ಷರ ಇವೆ ಎಂದರು. ಟಿ ಎಂದರೆ ಗಡ್ಡೆ ಎಷ್ಟು ದೊಡ್ಡದು, ಎಲ್ಲಿಗೆ ಕೊರೆದಿದೆ. ಇದು ದವಡೆಯ ಎಲುಬಿನ ಗಟ್ಟಿ ಪದರ ತೂರಿ ಒಳಗೆ ಹೋಗಿದೆ, ಅದಕ್ಕೆ ಟಿ ನಾಲ್ಕು ಎ. ಎನ್ ಎಂದರೆ ಕುತ್ತಿಗೆಯ ದುಗ್ಧಗ್ರಂಥಿ. ಅದೇ ಬದಿಗೆ ಒಂದೇ ಒಂದು ಸಣ್ಣ ಗಂಟು, ಎನ್ ಒಂದು. ಎಂ ಎಂದರೆ ದೂರದ ಅಂಗ. ಶ್ವಾಸಕೋಶ ಶುದ್ಧವಾಗಿದೆ, ಎಂ ಸೊನ್ನೆ. ಈ ಮೂರನ್ನೂ ಕೂಡಿಸಿ ನೋಡಿದರೆ ನಾಲ್ಕನೇ ಹಂತದ ಎ.

ನಾಲ್ಕು ಎಂಬುದನ್ನು ಸರ್ಜನ್ನರ ಬಾಯಿಂದ ಎರಡನೇ ಸಲ ಕೇಳಿದ ಮಗನ ಮುಖ ಬಿಳಿಚಿತು. ಮರುಕ್ಷಣವೇ ಬೇರೊಂದು ಮಾತಿಗೆ ಬಿದ್ದ. ನಾಲ್ಕು ಎಂದರೆ ಕಡೆಯ ಹಂತ, ಇನ್ನು ಮುಖ ಕುಯ್ಯಿಸಿ ಹಿಂಸೆ ಯಾಕೆ, ದೇವದುರ್ಗಕ್ಕೆ ಕರೆದೊಯ್ಯುತ್ತೇನೆ ಎಂದು ತಾಯಿಯ ರಟ್ಟೆ ಹಿಡಿದ.

ತಂಗಿ ಆ ಕೈ ಕಿತ್ತು ಹಾಕಿದಳು.

"ಮೊದ್ಲು ಒಂದು ಅಂದ್ರ ಏನೂ ಬ್ಯಾಡ ಅಂದಿ. ಈಗ ನಾಕು ಅಂದ್ರೂ ಏನೂ ಬ್ಯಾಡ ಅಂತಿ. ಯವ್ವಗ ಏನು ಮಾಡಿದ್ರ ಒಪ್ಪತಿ ನೀನು?"

ಸಂಬಳ ಬರುತ್ತದೆಂದು ಬಾಯಿ ಬಂದಿದೆ, ಮನೆಯ ವಿಚಾರಕ್ಕೆ ಬರಬೇಡ ಎಂದು ಅವನು ಗದರಿಸಿದ. ಅವಳು ಅಲುಗಲಿಲ್ಲ. 

ಸರ್ಜನ್ ಒರಟಾಗಿಯೇ ಹೇಳಿದರು: ಬಾಯಿಯ ಕ್ಯಾನ್ಸರಿನಲ್ಲಿ ನಾಲ್ಕನೇ ಹಂತವೆಂದರೆ ಎಲ್ಲವೂ ಒಂದೇ ಬಗೆಯಲ್ಲ. ದೂರ ಹಬ್ಬಿದ್ದರೆ ನಾನು ಕತ್ತರಿ ಹಿಡಿಯುವ ಮಾತಾಡುತ್ತಿರಲಿಲ್ಲ. ಇದು ಎಲುಬು ಮುಟ್ಟಿದ್ದಕ್ಕೆ ನಾಲ್ಕು. ದವಡೆಯ ಆ ಭಾಗ ತೆಗೆದು, ಕುತ್ತಿಗೆಯ ಗ್ರಂಥಿಗಳನ್ನೂ ಬಿಡಿಸಿ ತೆಗೆದು, ಆಮೇಲೆ ರೇಡಿಯೇಷನ್ ಕೊಡಬಹುದು. ಗುಣವಾಗುತ್ತದೆಂದು ಮಾತು ಕೊಡಲಾರೆ. ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ಖಾತ್ರಿ ಹೇಳಬಲ್ಲೆ.

ಅಲ್ಲಿಯವರೆಗೆ ತಾಯಿಯನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಸೆರಗಿನಿಂದ ಜೊಲ್ಲು ಒರೆಸಿಕೊಂಡಳು. ಹಲ್ಲಿನ ಸಂದಿಯಿಂದಲೇ ಒಂದೊಂದೇ ಪದ ಹೊರಗೆ ತಂದಳು.

"ದವಡಿ ನಂದು ಅದ. ತಗೀರಿ. ಅವಗ ಮನಿಗೆ ಹೋಗು ಅನ್ರಿ."

ಮಗ ನನ್ನ ಕೋಣೆಯ ಬಾಗಿಲನ್ನು ಗೋಡೆಗೆ ಬಡಿಯುವಂತೆ ದೂಡಿ ಹೋದ. ಒಪ್ಪಿಗೆ ಪತ್ರಕ್ಕೆ ತಾಯಿ ತಾನೇ ಹೆಬ್ಬೆಟ್ಟು ಒತ್ತಿದಳು, ಸಾಕ್ಷಿಗೆ ಮಗಳು ಸಹಿ ಹಾಕಿದಳು.

ಶಸ್ತ್ರಚಿಕಿತ್ಸೆಯ ನಂತರ ದವಡೆಯ ತುಂಡು, ಗಡ್ಡೆ, ಕುತ್ತಿಗೆಯ ಗ್ರಂಥಿಗಳು ನನ್ನ ಮೇಜಿಗೆ ಬಂದವು. ಎಲುಬನ್ನು ಆಮ್ಲದಲ್ಲಿ ಮೆತ್ತಗೆ ಮಾಡಿಯೇ ಕತ್ತರಿಸಬೇಕು, ಅದಕ್ಕೆ ಕಾಯಬೇಕಾಯಿತು. ಸ್ಕ್ಯಾನ್ ಹೇಳಿದ್ದು ನಿಜವಾಗಿತ್ತು. ಕ್ಯಾನ್ಸರ್ ಎಲುಬಿನೊಳಗೆ ಇಳಿದಿತ್ತು. ಒಂದೇ ಗ್ರಂಥಿಯಲ್ಲಿ ರೋಗವಿತ್ತು, ಅದರ ಹೊರಪದರ ಒಡೆದಿರಲಿಲ್ಲ. ಕತ್ತರಿಸಿದ ಅಂಚುಗಳು ಶುದ್ಧ. ಆ ಎಲುಬಿನ ನಡುವೆಯೂ ಅವೇ ಗುಲಾಬಿ ಮುತ್ತುಗಳು. ಗ್ರೇಡ್ ಒಂದು ಎಂದೇ ಬರೆದೆ. ಈ ಸಲ ನನ್ನ ವರದಿಯಲ್ಲೇ ಟಿ ಮತ್ತು ಎನ್ ಕೂಡ ಇದ್ದವು, ಯಾಕೆಂದರೆ ಈಗ ಪೂರ್ತಿ ಗಡ್ಡೆ, ಗ್ರಂಥಿ ನನ್ನ ಕೈಯಲ್ಲಿದ್ದವು. ಮೊದಲ ಚೂರು ಬಂದಾಗ ಎಲುಬು ಕೆಟ್ಟಿತ್ತೋ ಇಲ್ಲವೋ ಎಂದು ಹೇಳುವ ದಾರಿ ಇರಲಿಲ್ಲ. ಆಗ ಯಾರೂ ಸ್ಕ್ಯಾನ್ ತೆಗೆಸಿರಲಿಲ್ಲ.

ರೇಡಿಯೇಷನ್ನಿಗೆ ತಂಗಿಯೇ ರಜೆ ಹಾಕಿ ದೂರದ ಊರಿಗೆ ಕರೆದೊಯ್ದಳು. ಅಣ್ಣ ಒಂದು ದಿನವೂ ಹೋಗಲಿಲ್ಲವಂತೆ. ಅವನು ಮಾನ್ವಿ, ಸಿರವಾರದ ಸಂತೆಯಲ್ಲೆಲ್ಲ ನಮ್ಮ ಲ್ಯಾಬಿನವರಿಗೆ ಒಂದಕ್ಕೂ ನಾಲ್ಕಕ್ಕೂ ವ್ಯತ್ಯಾಸ ಗೊತ್ತಿಲ್ಲ ಎಂದು ಹೇಳಿಕೊಂಡು ತಿರುಗಿದ. ಅಲ್ಲಿಂದ ಬರುತ್ತಿದ್ದ ಸ್ಯಾಂಪಲ್‌ಗಳು ಸ್ವಲ್ಪ ಕಾಲ ಕಡಿಮೆಯಾದವು. ಸರ್ಜನ್ ಅದಕ್ಕೂ ನನ್ನನ್ನೇ ದೂರಿದರು.

ಮೊನ್ನೆ ತಾಯಿ ತಪಾಸಣೆಗೆ ಬಂದಿದ್ದಳು. ಮುಖ ಒಂದು ಕಡೆ ಒಳಗೆ ಸರಿದಿದೆ, ಮಾತು ಕಷ್ಟಪಟ್ಟು ಕೇಳಿದರೆ ತಿಳಿಯುತ್ತದೆ. ರೋಗ ಮರಳಿಲ್ಲ, ಮುಂದೆ ಮರಳದು ಎಂದು ಯಾರೂ ಹೇಳಿಲ್ಲ. ಈಗ ಅವಳು ಮಗಳ ಮನೆಯಲ್ಲಿದ್ದಾಳೆ, ದೇವದುರ್ಗದ ಹೊಲವನ್ನು ಫೋನಿನಲ್ಲೇ ಮಾಡಿಸುತ್ತಾಳೆ. ಮಗನನ್ನು ಆ ಹೊಲದ ಬದುವಿಗೂ ಬಿಟ್ಟುಕೊಂಡಿಲ್ಲ. ಅವನು ಬಂದು ಕೇಳಿದರೆ ಮನಸ್ಸು ಕರಗೀತೇ ಎಂದು ನಾನು ಕೇಳಿದೆ. ನನ್ನನ್ನು ಒಮ್ಮೆ ನೋಡಿ, ಮಗಳಿಗೆ ಹೊರಡೆಂದು ಸನ್ನೆ ಮಾಡಿ ಎದ್ದು ನಡೆದಳು.